ಹಲ್ಲು ಕೀಳಿಸಿದರೂ ಹೋಗದ ನೋವು

ತುಮಕೂರು
ಜನವರಿ 16, 2025, ಗುರುವಾರ

ಇವತ್ತು ಕ್ಲಿನಿಕ್‌ಗೆ ಗುಬ್ಬಿ ಕಡೆಯ ಒಬ್ಬ ಅಮ್ಮ ಬಂದಿದ್ದರು. ವಯಸ್ಸು ಅರವತ್ತರ ಆಸುಪಾಸು. ಬಲಗಡೆ ಮೇಲಿನ ಎರಡು ಹಲ್ಲನ್ನು ಬೇರೆ ಕಡೆ ಕೀಳಿಸಿಕೊಂಡಿದ್ದಾರೆ. ಪಕ್ಕದ ಇನ್ನೊಂದನ್ನೂ ಕಿತ್ತುಬಿಡಿ ಅಂತ ಕೂತರು.

"ಕರೆಂಟ್ ಹೊಡೆದಂಗೆ ಆಗುತ್ತೆ ಡಾಕ್ಟ್ರೇ. ಮೂಗಿನ ಪಕ್ಕದಿಂದ ಹಲ್ಲಿಗೆ ಚಳಕ್ ಅಂತ ಇಳಿಯುತ್ತೆ."

"ಎಷ್ಟು ಹೊತ್ತು ಇರುತ್ತಮ್ಮಾ?"

"ಎರಡೋ ಮೂರೋ ಸೆಕೆಂಡು. ಆಮೇಲೆ ಏನೂ ಇಲ್ಲ. ಮತ್ತೆ ಯಾವಾಗ ಹೊಡೆಯುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ."

ಅವರ ದಿನ ಹೇಗೆ ಸಾಗುತ್ತದೆ ಅಂತ ಕೇಳಿದೆ. ಬಲಗೆನ್ನೆಗೆ ನೀರು ಮುಟ್ಟಿಸಲ್ಲ. ಮೂಗುಬಟ್ಟು ತೆಗೆದಿಟ್ಟಿದ್ದಾರೆ. ಬಸ್ಸಿನ ಕಿಟಕಿ ಗಾಳಿಗೆ ಹೆದರಿ ಸೆರಗು ಮುಚ್ಚಿಕೊಂಡೇ ಬಂದಿದ್ದರು. ಮುದ್ದೆ ನುಂಗುತ್ತಾರೆ, ರೊಟ್ಟಿ ಅಗಿಯಲು ಭಯ. ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬರುತ್ತದಂತೆ.

ಹುಳುಕು ಒಳಗಿನ ನರದವರೆಗೆ ಹೋದಾಗ ನೋವು ಹೀಗಿರಲ್ಲ. ಬಿಸಿ ಕಾಫಿಗೆ ಶುರುವಾದದ್ದು ನಿಮಿಷಗಟ್ಟಲೆ ಸಿಡಿಯುತ್ತದೆ. ಮಲಗಿದರೆ ಜಾಸ್ತಿ. ಇವರ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದೆ, ತಣ್ಣನೆಯ ಹತ್ತಿ ಇಟ್ಟು ನೋಡಿದೆ, ಎಕ್ಸ್‌ರೇ ತೆಗೆದೆ. ಬೇರುಗಳೆಲ್ಲ ಚೆನ್ನಾಗಿವೆ. ಆಮೇಲೆ ಅವರನ್ನು ಕೇಳಿಕೊಂಡು ಹತ್ತಿಯ ಎಳೆಯನ್ನು ಮೂಗಿನ ಪಕ್ಕ ಸೋಕಿಸಿದೆ. ಮುಖ ಕಿವುಚಿ ಬೆಚ್ಚಿಬಿದ್ದರು. ನೋವು ನಿಂತ ತಕ್ಷಣ ಮತ್ತೆ ಸೋಕಿಸಿದೆ, ಆಗ ಬರಲಿಲ್ಲ. ಒಂದು ಸಲ ಹೊಡೆದ ಮೇಲೆ ನರ ಸ್ವಲ್ಪ ಹೊತ್ತು ಸುಮ್ಮನಿರುವುದು ಟ್ರೈಜೆಮಿನಲ್ ನ್ಯೂರಾಲ್ಜಿಯಾದಲ್ಲಿ ಸಾಮಾನ್ಯ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರದ ತೊಂದರೆ ಇದು. ಎಷ್ಟೋ ಸಲ ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಆ ನರವನ್ನು ಒತ್ತುತ್ತಿರುತ್ತದೆ. ಮೇಲಿನ ಹಲ್ಲುಗಳಿಗೂ ಅದರದೇ ಕವಲು ಹೋಗುವುದರಿಂದ ಹಲ್ಲೇ ನೋಯುತ್ತಿದೆ ಅನ್ನಿಸುತ್ತದೆ.

"ಮತ್ತೆ ಎರಡನೇ ಹಲ್ಲು ಕಿತ್ತ ಮೇಲೆ ತಿಂಗಳಿಗೂ ಜಾಸ್ತಿ ಆರಾಮಾಗಿದ್ದೆನಲ್ಲ?" ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ನೋವು ತಾನಾಗಿಯೇ ವಾರ, ತಿಂಗಳುಗಟ್ಟಲೆ ಮರೆಯಾಗಿ ಮತ್ತೆ ಬರುತ್ತದೆ. ಮರವು ಬರಿಸುವ ಇಂಜೆಕ್ಷನ್ ಕೊಟ್ಟರೂ ಕೆಲವು ಗಂಟೆ ನಿಲ್ಲುತ್ತದೆ. ಎರಡೂ ಸಲ ಹಲ್ಲಿನ ಮೇಲೇ ಅನುಮಾನ ಬೀಳುತ್ತದೆ. ಹೀಗೆ ಒಳ್ಳೆಯ ಹಲ್ಲು ಒಂದರ ಹಿಂದೊಂದು ಹೋಗುವುದು ನೋಡಿದರೆ ನನಗೆ ತುಂಬಾ ಸಂಕಟವಾಗುತ್ತದೆ.

ಹಲ್ಲು ಕೀಳಲಿಲ್ಲ. ನರರೋಗ ತಜ್ಞರಿಗೆ ಚೀಟಿ ಬರೆದೆ. ಹಣೆ, ಕೆನ್ನೆ, ಗಲ್ಲದಲ್ಲಿ ಎರಡೂ ಕಡೆ ಸ್ಪರ್ಶ ಸಮನಾಗಿದೆ ಅಂತಲೂ ಸೇರಿಸಿದೆ. ಮರಗಟ್ಟಿದ್ದರೆ ಗಡ್ಡೆಯಂಥ ಬೇರೆ ಕಾರಣದ ಅನುಮಾನ ಜಾಸ್ತಿಯಾಗುತ್ತದೆ. ಹೇಗೂ ಎಂಆರ್‌ಐ ಬೇಕು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ತಾಗಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜಪೀನ್ ಅನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತಾರೆ. ಅದರಿಂದ ತಲೆಸುತ್ತು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ಗಂಧೆಯೋ ಬೊಬ್ಬೆಯೋ ಎದ್ದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಜೊತೆಗೆ ಬಂದಿದ್ದ ಮಗನಿಗೆ ಎರಡೆರಡು ಸಲ ಹೇಳಿ ಕಳಿಸಿದೆ.