ಆ ಕರೆಯಲ್ಲಿ ನಮಗೆ ಸಿಕ್ಕಿದ್ದು ಒಪ್ಪಿಗೆಯಲ್ಲ

ಮಂಗಳವಾರ ಬೆಳಿಗ್ಗೆ ಹತ್ತರ ಕರೆಯಲ್ಲಿ ನಡೆದ ನಾಲ್ಕು ಮಾತು ವಾರವಿಡೀ ನನ್ನ ಕಿವಿಯಲ್ಲೇ ಉಳಿದಿದೆ. ಆ ಕಡೆ ಟೋಕಿಯೊದ ಗ್ರಾಹಕರ ತಂಡ. ಅವರಿಗೆ ಆಗ ಮಧ್ಯಾಹ್ನ ಒಂದೂವರೆ. ಈ ಕಡೆ ಬೆಳ್ಳಂದೂರಿನ ಕಚೇರಿಯಲ್ಲಿ ನಾವು. ಅವರಿಗಾಗಿ ನಾವು ಮಾಡುತ್ತಿರುವ ಸಾಫ್ಟ್‌ವೇರಿನ ಪರೀಕ್ಷೆಯ ಕೆಲಸ ಹಿಂದೆ ಬಿದ್ದಿತ್ತು. ಸೆಪ್ಟೆಂಬರ್ ಮಧ್ಯಕ್ಕೆ ಗೊತ್ತಾಗಿದ್ದ ಬಿಡುಗಡೆಯನ್ನು ತಿಂಗಳ ಕೊನೆಯ ವಾರಕ್ಕೆ ಹಾಕಿಕೊಳ್ಳಬಹುದೇ ಎಂದು ನಮ್ಮ ಲೀಡ್ ಕೇಳಿದರು.

ಆ ಕಡೆಯ ಮ್ಯಾನೇಜರ್ ಕೂಡಲೇ ಉತ್ತರಿಸಲಿಲ್ಲ. ಹಲ್ಲಿನ ಸಂದಿಯಿಂದ ನಿಧಾನವಾಗಿ ಉಸಿರು ಎಳೆದುಕೊಂಡ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. “ತಿಂಗಳ ಕೊನೆ ಎಂದರೆ... ಸ್ವಲ್ಪ ಕಷ್ಟವಾಗಬಹುದೇನೋ” ಎಂದರು. ಮತ್ತೆ ಮೌನ.

“ಆದರೆ ನಿಮ್ಮ ಆಕ್ಷೇಪಣೆ ಏನೂ ಇಲ್ಲವಲ್ಲ?” ಎಂದು ನಮ್ಮ ಲೀಡ್ ಕೇಳಿದರು.

“ಹೌದು, ಹೌದು. ಒಮ್ಮೆ ನಮ್ಮೊಳಗೆ ಪರಿಶೀಲಿಸುತ್ತೇವೆ.”

“ತುಂಬಾ ಸಂತೋಷ. ನಾವು ಅದರಂತೆ ತಯಾರಿ ಶುರು ಮಾಡುತ್ತೇವೆ.”

ಕರೆ ಮುಗಿದ ಹತ್ತು ನಿಮಿಷದಲ್ಲಿ ಸಭೆಯ ಟಿಪ್ಪಣಿ ಸಿದ್ಧವಾಯಿತು. ‘ಬಿಡುಗಡೆ ಸೆಪ್ಟೆಂಬರ್ ಕೊನೆಯ ವಾರ, ಗ್ರಾಹಕರಿಂದ ಅಂತಿಮ ಉತ್ತರ ಬಾಕಿ’ ಎಂಬ ಸಾಲನ್ನು ನೋಡಿ ನಾನು ತಡೆದೆ.

“ಇದನ್ನು ಕಳುಹಿಸಬೇಡಿ. ಅವರು ಒಪ್ಪಿಲ್ಲ.”

“ಬೇಡ ಎಂದರೇ?”

“ಆಗಲಿ ಎಂದರೇ?”

ನಮ್ಮ ಲೀಡ್ ಅವರ ಮುಖ ಬಿಗಿಯಿತು. ಅವರ ಬಗ್ಗೆ ನನಗೆ ಗೌರವವಿದೆ. ಇಡೀ ಮಹಡಿಯಲ್ಲಿ ಅಷ್ಟು ಚೊಕ್ಕಟವಾಗಿ ಕೆಲಸ ಮಾಡುವವರು ಇನ್ನೊಬ್ಬರಿಲ್ಲ. ಆದರೆ ಮಾತಿನ ನಡುವೆ ಮೌನ ಬಂದರೆ ಅವರಿಗೆ ತಡೆಯಲಾಗುವುದಿಲ್ಲ, ಏನನ್ನಾದರೂ ಹೇಳಿ ತುಂಬಿಬಿಡುತ್ತಾರೆ. ಜಪಾನಿನವರ ಜೊತೆ ಅದೇ ದುಬಾರಿ. ಆ ಮೌನದಲ್ಲಿ ಅವರು ನೋಯಿಸದ ಉತ್ತರವೊಂದನ್ನು ಹುಡುಕುತ್ತಿರುತ್ತಾರೆ. ಇನ್ನೊಂದು ಪ್ರಶ್ನೆ ಬಿದ್ದರೆ ಆ ಉತ್ತರ ಹೊರಗೆ ಬರುವುದೇ ಇಲ್ಲ.

ಆ ಪ್ರಶ್ನೆಯೂ ತೊಡಕಿನದೇ. ‘ಆಕ್ಷೇಪಣೆ ಇಲ್ಲವಲ್ಲ’ ಎಂದು ಕೇಳಿದಾಗ ಬಂದ ಹೌದು ಎಂಬುದನ್ನು ‘ಹೌದು, ಇಲ್ಲ’ ಎಂದು ಓದಬಹುದು, ‘ಹೌದು, ಇದೆ’ ಎಂದೂ ಓದಬಹುದು. ಅದರ ಮೇಲೆ, ಜಪಾನೀಯರು ಸಂಭಾಷಣೆಯ ಉದ್ದಕ್ಕೂ ಹಾಕುವ ಹೌದು ಹಲವು ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ’ ಎಂಬಷ್ಟೇ ಸೂಚನೆ. ಹಾಗಾಗಿ ನಿರ್ಧಾರದ ವಿಷಯದಲ್ಲಿ ‘ಇಲ್ಲವಲ್ಲ’, ‘ಬೇಡವಲ್ಲ’ ಎಂದು ಮುಗಿಯುವ ಪ್ರಶ್ನೆಯನ್ನು ನಾನು ಕೇಳುವುದೇ ಇಲ್ಲ.

ನನಗೆ ಅನುಮಾನ ಖಚಿತವಾಗಿದ್ದು ಪರಿಶೀಲನೆಯ ಮಾತಿನಿಂದ. ನಿಜವಾಗಿ ಪರಿಶೀಲಿಸುವವರಾದರೆ ಅವರು ದಿನವನ್ನೂ ವಿಭಾಗವನ್ನೂ ಹೇಳುತ್ತಾರೆ: ಲೆಕ್ಕಪತ್ರದವರನ್ನು ಕೇಳಿ ಗುರುವಾರದೊಳಗೆ ತಿಳಿಸುತ್ತೇವೆ ಎನ್ನುತ್ತಾರೆ. ಪರೀಕ್ಷೆಗೆ ಇನ್ನೆಷ್ಟು ದಿನ ಬೇಕು, ಹಳೆಯ ವ್ಯವಸ್ಥೆಗೆ ವಾಪಸಾಗಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಮ್ಮನ್ನೇ ಕೆದಕುತ್ತಾರೆ. ಮಂಗಳವಾರ ಯಾರ ಹೆಸರೂ ಬರಲಿಲ್ಲ, ದಿನವೂ ಬರಲಿಲ್ಲ, ಒಂದು ಮರುಪ್ರಶ್ನೆಯೂ ಬರಲಿಲ್ಲ. ಹಾಗೆಂದು ಕಷ್ಟ ಎಂದ ಪ್ರತಿಯೊಬ್ಬರೂ ನಿರಾಕರಿಸುತ್ತಿದ್ದಾರೆ ಎನ್ನಲಾಗದು. ಅದೇ ತಂಡದಲ್ಲಿ ಕೆಲವು ವರ್ಷ ಹೊರದೇಶದಲ್ಲಿದ್ದು ಬಂದ ಎಂಜಿನಿಯರ್ ಒಬ್ಬರಿದ್ದಾರೆ. ಅವರು ಕಷ್ಟ ಎಂದರೆ ಕಷ್ಟವಷ್ಟೇ, ಏಕೆ ಎಂಬುದನ್ನೂ ಒಡನೆ ಹೇಳುತ್ತಾರೆ.

ಸಭೆಯ ಟಿಪ್ಪಣಿ ಅದೇ ದಿನ ತಲುಪಬೇಕೆಂದು ಗ್ರಾಹಕರು ನಿರೀಕ್ಷಿಸುತ್ತಾರೆ. ತಡಮಾಡದೆ ಆ ಸಾಲನ್ನು ಮಾತ್ರ ಬದಲಿಸಿದೆವು: ‘ಬಿಡುಗಡೆಯ ದಿನ: ಹೊಸ ಪ್ರಸ್ತಾಪ ಮಂಡಿಸಲಾಗಿದೆ, ತೀರ್ಮಾನವಾಗಿಲ್ಲ.’ ತಪ್ಪು ಸಾಲು ಹೋಗಿದ್ದರೆ ಅದನ್ನು ಅಲ್ಲಗಳೆಯುವ ಮುಜುಗರ ಅವರ ಪಾಲಿಗೆ ಬರುತ್ತಿತ್ತು. ಆ ಮುಜುಗರ ಬೇಡವೆಂದು ಅವರು ಸುಮ್ಮನಿದ್ದಿದ್ದರೆ ನಾವು ಆ ಮೌನವನ್ನೇ ಒಪ್ಪಿಗೆ ಎಂದುಕೊಂಡು ಎರಡು ವಾರ ದುಡಿಯುತ್ತಿದ್ದೆವು.

ಆಮೇಲೆ ನಾನು ಬೇರೊಂದು ಇ-ಮೇಲ್ ಬರೆದೆ. ಮ್ಯಾನೇಜರಿಗಲ್ಲ, ದಿನನಿತ್ಯ ನಮ್ಮ ಜೊತೆ ಕೆಲಸ ಮಾಡುವ ಅವರ ಕಿರಿಯ ಸಹೋದ್ಯೋಗಿಗೆ. ಮೇಲಧಿಕಾರಿಗಳನ್ನು ಪ್ರತಿಯಲ್ಲಿ ಸೇರಿಸಲಿಲ್ಲ, ಸೇರಿಸಿದ್ದರೆ ಮತ್ತೆ ಆ ಸಭ್ಯ ಉತ್ತರವೇ ಬರುತ್ತಿತ್ತು. ಆಗುತ್ತದೆಯೇ ಇಲ್ಲವೇ ಎಂದು ಕೇಳುವ ಬದಲು, ಕೊನೆಯ ವಾರದಲ್ಲಿ ಬಿಡುಗಡೆಯಾದರೆ ಯಾವ ವಿಭಾಗದ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಕೇಳಿದೆ. ಕೆಳಗೆ ಒಂದು ಚಿಕ್ಕ ಪಟ್ಟಿ. ಮೊದಲನೆಯ ದಾರಿ, ಸೆಪ್ಟೆಂಬರ್ ಮಧ್ಯದಲ್ಲೇ ಬಿಡುಗಡೆ, ಎರಡು ವರದಿ ಪರದೆಗಳನ್ನು ಹಿಂದಕ್ಕಿಡುವುದು. ಎರಡನೆಯದು, ಎಲ್ಲವೂ ತಿಂಗಳ ಕೊನೆಗೆ. ಮೂರನೆಯದು, ಎಲ್ಲವೂ ಅಕ್ಟೋಬರ್ ಮಧ್ಯಕ್ಕೆ. ಪ್ರತಿಯೊಂದರ ಮುಂದೆ ಅದರ ಅಪಾಯವೇನು ಎಂದು ಒಂದೊಂದು ವಾಕ್ಯ. ನಮ್ಮ ಮಧ್ಯಾಹ್ನ ಹನ್ನೆರಡರೊಳಗೆ ಕಳುಹಿಸಿದರೆ ಅವರಿಗೆ ಮೂರೂವರೆ, ಕಚೇರಿಯಲ್ಲಿ ಯಾರನ್ನಾದರೂ ಕೇಳಲು ಅವರಿಗೆ ಸಮಯವಿರುತ್ತದೆ.

ಮರುದಿನ ಉತ್ತರ ಬಂತು, ಒಂದೂವರೆ ಪುಟ. ಅವರ ಕಂಪನಿಯ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮೊದಲ ಅರ್ಧವರ್ಷದ ಲೆಕ್ಕ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಆ ವಾರ ಲೆಕ್ಕಪತ್ರ ವಿಭಾಗದವರು ಯಾವ ಬದಲಾವಣೆಯನ್ನೂ ಮುಟ್ಟಿಸಿಕೊಳ್ಳುವುದಿಲ್ಲ. ಮೊದಲನೆಯ ದಾರಿಯಾದರೆ ಬಹಳ ಉಪಕಾರವಾಗುತ್ತದೆ ಎಂದು ಬರೆದಿದ್ದರು. ಮಂಗಳವಾರ ಆ ಮ್ಯಾನೇಜರ್ ಉಸಿರು ಎಳೆದುಕೊಂಡಾಗ ಅವರ ಕಣ್ಣ ಮುಂದೆ ಲೆಕ್ಕಪತ್ರದವರ ಇಡೀ ವಿಭಾಗವೇ ನಿಂತಿದ್ದಿರಬೇಕು. ಅವರನ್ನು ಕೇಳದೆ ಬೇಡ ಎನ್ನಲೂ ಆಗದು, ಆಗಲಿ ಎನ್ನಲೂ ಆಗದು. ಅಲ್ಲಿ ತೀರ್ಮಾನವಾಗುವುದು ಸಭೆಗೆ ಮೊದಲೇ, ಸಂಬಂಧಪಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ಕಂಡು ಒಪ್ಪಿಸಿದ ಮೇಲೆ. ಅದಕ್ಕೆ ನೆಮವಾಶಿ ಎನ್ನುತ್ತಾರೆ. ಹತ್ತು ಜನರ ಮುಂದೆ ಹೊಸ ದಿನಾಂಕ ಹೇಳಿ ಉತ್ತರ ಕೇಳುವುದೆಂದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ.

ನನ್ನನ್ನು ಕಾಡುತ್ತಿರುವುದು ಬೇರೆಯೇ. ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹೆಣ್ಣು ನೋಡಿಹೋಗುವವರು “ಮನೆಗೆ ಹೋಗಿ ತಿಳಿಸುತ್ತೇವೆ” ಎಂದು ದಿನ ಹೇಳದೆ ಎದ್ದರೆ, ಮನೆಯ ಹಿರಿಯರು ಅಡುಗೆಮನೆಯಿಂದಲೇ ಅರ್ಥ ಮಾಡಿಕೊಳ್ಳುತ್ತಾರೆ. ಯಾರೂ ಫೋನ್ ಮಾಡಿ ‘ಆಕ್ಷೇಪಣೆ ಇಲ್ಲವಲ್ಲ’ ಎಂದು ಕೇಳುವುದಿಲ್ಲ. ಇಂಥ ಕಿವಿಯುಳ್ಳ ನಾವು ಕಚೇರಿಯ ಕರೆಗೆ ಕೂತ ಕೂಡಲೇ ಅದನ್ನು ಮುಚ್ಚಿಕೊಳ್ಳುವುದೇಕೆ? ಇಂಗ್ಲಿಷಿನಲ್ಲಿ ಮಾತಾಡುವಾಗ ಆಡಿದ ಮಾತಷ್ಟೇ ಲೆಕ್ಕ ಎಂದು ನಾವು ನಂಬಿದ್ದೇವೆ. ಅದು ಇಬ್ಬರಿಗೂ ಎರಡನೆಯ ಭಾಷೆ. ಅವರು ತಮ್ಮ ಸಂಕೋಚವನ್ನು ಅದರೊಳಗೆ ಹೇಗೋ ತುರುಕುತ್ತಾರೆ, ನಾವು ಅದನ್ನು ನಿಘಂಟು ಹಿಡಿದು ಓದುತ್ತೇವೆ. ‘ಅವರು ಏನನ್ನೂ ನೇರವಾಗಿ ಹೇಳುವುದಿಲ್ಲ, ನುಣುಚಿಕೊಳ್ಳುತ್ತಾರೆ’ ಎಂದು ನಮ್ಮ ಮಹಡಿಯಲ್ಲಿ ಆಡಿಕೊಳ್ಳುವುದು ಕೇಳಿದರೆ ನನಗೆ ಕೋಪ ಬರುತ್ತದೆ. ಒಂದೂವರೆ ಪುಟ ಬರೆದು ಕಾರಣ ತಿಳಿಸಿದವರು ನುಣುಚಿಕೊಳ್ಳುವವರೇ? ಅವರಿಗೆ ಉತ್ತರಿಸಲು ಜಾಗ ಬೇಕಿತ್ತು. ನಾವು ಕರೆಯಲ್ಲಿ ಅದನ್ನು ಕೊಡಲಿಲ್ಲ.

ಶುಕ್ರವಾರದ ಕರೆಯಲ್ಲಿ ಈ ವಿಷಯಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಮ್ಯಾನೇಜರೇ ಮೊದಲ ದಾರಿಯನ್ನು ಎತ್ತಿಕೊಂಡರು, ದಿನಾಂಕವನ್ನೂ ಅವರೇ ಹೇಳಿದರು. ನಮ್ಮ ಲೀಡ್ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು, ಅದು ನನಗೆ ಖುಷಿ ಕೊಟ್ಟಿತು. ಎರಡು ವರದಿ ಪರದೆಗಳ ದಿನ ಮಾತ್ರ ಇನ್ನೂ ಗೊತ್ತಾಗಿಲ್ಲ. ಮುಂದಿನ ಮಂಗಳವಾರದ ಕರೆಯಲ್ಲಿ ಅದು ಬರುತ್ತದೆ, ಅದರ ಪಟ್ಟಿ ಸೋಮವಾರ ಮಧ್ಯಾಹ್ನದೊಳಗೆ ಆ ಕಿರಿಯ ಸಹೋದ್ಯೋಗಿಗೆ ತಲುಪಬೇಕು. ಈ ಸಲ ಅದನ್ನು ನಮ್ಮ ಲೀಡ್ ತಾವೇ ಬರೆಯುತ್ತೇನೆ ಎಂದಿದ್ದಾರೆ.