ಎರಡು ಮುಕ್ಕಾಲು ಎಲೆ

ಪಾತ್ರೆಗೆ ಹಾಕಿದ್ದು ಮೂರು ಪಲಾವ್ ಎಲೆ. ಊಟ ಮುಗಿದ ಮೇಲೆ ತಟ್ಟೆಗಳ ಅಂಚಿನಲ್ಲಿ ಸಿಕ್ಕಿದ್ದು ಎರಡು ಮುಕ್ಕಾಲು. ಉಳಿದ ಕಾಲು ಭಾಗ ಎಲ್ಲಿದೆ ಎಂದು ಹುಡುಕುವ ಅಗತ್ಯ ನನಗಿರಲಿಲ್ಲ. ಕೊನೆಯ ತುತ್ತಿನಿಂದ ನಾಲಿಗೆಯ ಬುಡದಲ್ಲಿ, ಬಲಗಡೆ, ಅದು ಚುಚ್ಚುತ್ತಲೇ ಇತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎರಡು ಲೋಟ ನೀರು ಕುಡಿದೆ, ಕೆಮ್ಮಿದೆ, ಕನ್ನಡಿಯ ಮುಂದೆ ಬಾಯಿ ತೆರೆದು ನಿಂತೆ. ಏನೂ ಕಾಣಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ವಿಷವಂತೆ ಕಣೇ! ಅದಕ್ಕೇ ಅಲ್ಲವೇ ಎಲ್ಲರೂ ತೆಗೆದು ಪಕ್ಕಕ್ಕಿಡುವುದು?" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಒಂದು ದೊಡ್ಡ ತುತ್ತು ಅನ್ನವನ್ನು ಅಗಿಯದೆ ನುಂಗಿಬಿಡು, ಅದರ ಜೊತೆಗೇ ಇಳಿದುಹೋಗುತ್ತದೆ" ಎಂದು ಉಪಾಯವನ್ನೂ ಕೊಟ್ಟಳು. ಎರಡೂ ಮಾತು ತಪ್ಪು ಎಂದು ಮರುದಿನ ಗೊತ್ತಾಯಿತು. ಆದರೆ ಆ ರಾತ್ರಿ ಮೊದಲನೆಯದಕ್ಕೆ ಹೆದರಿದೆ, ಎರಡನೆಯದನ್ನು ಮಾಡಿಯೂಬಿಟ್ಟೆ. ಅನ್ನ ಇಳಿಯಿತು, ಎಲೆ ಇಳಿಯಲಿಲ್ಲ. ಚುಚ್ಚುವುದು ಮಾತ್ರ ಹೆಚ್ಚಾಯಿತು.

ಎಂಜಲು ಸಲೀಸಾಗಿ ನುಂಗಲು ಆಗುತ್ತಿತ್ತು, ಉಸಿರಿಗೆ ತೊಂದರೆ ಇರಲಿಲ್ಲ. ಆ ಧೈರ್ಯದ ಮೇಲೆ ಬೆಳಗಿನವರೆಗೆ ಕಾದೆ. ನಿದ್ದೆ ಬಾರದ ಹೊತ್ತಿನಲ್ಲಿ ತಟ್ಟೆಯಿಂದ ಎತ್ತಿಟ್ಟ ಮುಕ್ಕಾಲು ಎಲೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಅರ್ಧ ಗಂಟೆ ಬೆಂದಿದ್ದರೂ ಅದಕ್ಕೆ ಮೆತ್ತಗಾದ ಲಕ್ಷಣವೇ ಇಲ್ಲ. ನಡುವಿನ ನರ ಕಡ್ಡಿಯಂತೆ ನಿಂತಿದೆ. ಮುರಿದ ಅಂಚು ಹರಿದ ಬಟ್ಟೆಯಂತೆ ಜೋಲುವ ಬದಲು ಒಡೆದ ಪಿಂಗಾಣಿಯಂತೆ ನೇರವಾಗಿ, ಚೂಪಾಗಿ ಇದೆ. ಕಾಣೆಯಾಗಿದ್ದು ಎಲೆಯ ತುದಿ: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ತ್ರಿಕೋನ. ಆ ಹೊತ್ತಿಗೆ ವಿಷದ ಭಯಕ್ಕಿಂತ ಈ ಅಂಚಿನ ಭಯವೇ ನನಗೆ ದೊಡ್ಡದಾಯಿತು.

ಬೆಳಿಗ್ಗೆ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿ ಹೋಗುವಾಗ ಆ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಮಾಡಿದ ಕೆಲಸಗಳಲ್ಲಿ ಬುದ್ಧಿವಂತಿಕೆಯದು ಅದೊಂದೇ. ವೈದ್ಯೆ ಅದನ್ನು ಮೇಜಿನ ಮೇಲಿಟ್ಟು ಕಾಣೆಯಾದ ತುದಿಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡರು. "ಎಕ್ಸ್-ರೇ ತೆಗೆಸಬೇಕೇ?" ಎಂದು ಕೇಳಿದೆ. "ಎಲೆ ಎಕ್ಸ್-ರೇಯಲ್ಲಿ ಕಾಣಿಸುವುದಿಲ್ಲ. ಕಾಣಿಸಲಿಲ್ಲ ಎಂದರೆ ಇಲ್ಲ ಎಂದು ಅರ್ಥವೂ ಅಲ್ಲ" ಎಂದರು. ನಂತರ ಅವರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಮೇಲಿನ ಹಲ್ಲಿನ ಸೆಟ್ ಹಾಕಿಕೊಂಡು ಊಟ ಮಾಡುತ್ತಿದ್ದಿರಾ?"

ಹೌದು, ಅದು ಬಂದು ಒಂದು ವರ್ಷವಾಗಿತ್ತು. ತುತ್ತಿನಲ್ಲಿ ಕಲ್ಲೋ, ಮೂಳೆಯೋ, ಎಲೆಯೋ ಇದ್ದರೆ ನಮಗೆ ಗೊತ್ತಾಗುವುದು ನಾಲಿಗೆ ಅದನ್ನು ಅಂಗುಳಕ್ಕೆ ಒತ್ತಿದಾಗ. ಸೆಟ್ಟಿನ ತಟ್ಟೆ ಆ ಅಂಗುಳವನ್ನೇ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಅನ್ನದೊಳಗಿನ ಎಲೆ ಅನ್ನವಾಗಿಯೇ ಒಳಗೆ ಹೋಗುತ್ತದೆ. ಮಾತಾಡುತ್ತಾ ಅವಸರದಲ್ಲಿ ಉಣ್ಣುವವರಿಗೂ ಮಕ್ಕಳಿಗೂ ಹೀಗಾಗಬಹುದು, ಆದರೆ ನನ್ನ ಪಾಲಿಗೆ ಕಾರಣ ಬಾಯಲ್ಲೇ ಕೂತಿತ್ತು.

ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಪೆನ್ಸಿಲಿಗಿಂತ ತೆಳುವಾದ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಇಳಿಸಿದರು. ಪರದೆಯ ಮೇಲೆ ನನ್ನದೇ ಗಂಟಲು ಗುಲಾಬಿ ಗುಹೆಯಂತೆ ತೆರೆದುಕೊಂಡಿತು. ನಾಲಿಗೆಯ ಬುಡಕ್ಕೂ ಶ್ವಾಸನಾಳದ ಮೇಲಿನ ಮುಚ್ಚಳಕ್ಕೂ ನಡುವೆ ಒಂದು ಸಣ್ಣ ತಗ್ಗು ಇದೆ. ಅಲ್ಲಿ ಹಸಿರು ಕಂದು ಬಣ್ಣದ ತ್ರಿಕೋನ ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ ಮೆತ್ತಿಕೊಂಡಿತ್ತು. ಒಂದು ಮೂಲೆ ಮಾತ್ರ ಒಳಚರ್ಮಕ್ಕೆ ನಾಟಿ ಸುತ್ತ ಕೆಂಪಾಗಿತ್ತು. ಚಪ್ಪಟೆಯಾದ ವಸ್ತುವಿನ ಗುಣವೇ ಅದು ಎಂದರು ವೈದ್ಯೆ. ಉಂಡೆಯಾದದ್ದು ಉರುಳುತ್ತದೆ, ಒದ್ದೆಯಾದ ಎಲೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಗಟ್ಟಿ ತುತ್ತು ತಳ್ಳಿದರೆ ಮೂಲೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಅಕ್ಕನ ಉಪಾಯದ ಫಲ ಪರದೆಯ ಮೇಲೆ ಕೆಂಪಗೆ ಕಾಣುತ್ತಿತ್ತು. ಬಾಗಿದ ಇಕ್ಕಳದಿಂದ ಅದನ್ನು ಎಳೆದು ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಕಾಗದದ ಮೇಲಿದ್ದ ಮುಕ್ಕಾಲಿಗೆ ಅದನ್ನು ಜೋಡಿಸಿ ನೋಡಿದರು. ಸರಿಯಾಗಿ ಕೂತಿತು. ಒಳಗೆ ಇನ್ನೇನೂ ಉಳಿದಿಲ್ಲ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

"ವಿಷ?" ಎಂದೆ, ಮರಗಟ್ಟಿದ ನಾಲಿಗೆಯಲ್ಲಿ. ಅವರು ನಕ್ಕರು. ಅಡುಗೆಗೆ ಬಳಸುವ ಈ ಎಲೆಯಲ್ಲಿ ವಿಷವಿಲ್ಲ. ನಯವಾಗಿ ಪುಡಿ ಮಾಡಿ ಮಸಾಲೆಗೆ ಬೆರೆಸಿದರೆ ಅದೇ ಎಲೆಯನ್ನು ನಾವು ತಿಂದೇ ತಿನ್ನುತ್ತೇವೆ. ಅಪವಾದ ಬಂದಿರುವುದು ಬಹುಶಃ ಹೆಸರಿನಿಂದ. ಯುರೋಪಿನ ಅಡುಗೆಯ ಇಂಥ ಎಲೆ ಲಾರೆಲ್ ಎಂಬ ಮರದ್ದು. ಆದರೆ ಮೌಂಟನ್ ಲಾರೆಲ್, ಚೆರ್ರಿ ಲಾರೆಲ್ ಎಂದು ಕರೆಯುವ ಬೇರೆ ಗಿಡಗಳಿವೆ. ಅವುಗಳ ಎಲೆ ನಿಜಕ್ಕೂ ವಿಷ. ನಮ್ಮ ಪಲಾವ್ ಎಲೆಯಂತೂ ದಾಲ್ಚಿನ್ನಿಯ ಬಳಗದ್ದು, ಉದ್ದಕ್ಕೆ ಓಡುವ ಮೂರು ನರಗಳಿಂದಲೇ ಗುರುತು ಸಿಗುತ್ತದೆ. ಬೇಲಿಯಿಂದ ಕಿತ್ತು ತಂದ ಗುರುತಿಲ್ಲದ ಎಲೆಯನ್ನು ಪಾತ್ರೆಗೆ ಹಾಕಿದರೆ ಮಾತ್ರ ವಿಷದ ಪ್ರಶ್ನೆ ಕೇಳಬೇಕು.

ಹಾಗಾದರೆ ಅದು ಕೆಳಗೆ ಇಳಿದುಹೋಗಿದ್ದರೆ? ಹೆಚ್ಚಿನ ಸಲ ಏನೂ ಆಗುವುದಿಲ್ಲ, ಕೆಲವು ದಿನಗಳಲ್ಲಿ ಮಲದೊಂದಿಗೆ ಹೊರಗೆ ಬರುತ್ತದೆ ಎಂದರು. ಬರುವಾಗಲೂ ಎಲೆಯಾಗಿಯೇ ಬರುತ್ತದೆ, ಏಕೆಂದರೆ ಅದರ ನಾರನ್ನು ಜಠರದ ಆಮ್ಲ ಕರಗಿಸಲಾರದು. ಚಿಕ್ಕ ಚೂರು ನುಂಗಿ, ಯಾವ ತೊಂದರೆಯೂ ಇಲ್ಲದವರು ಆಸ್ಪತ್ರೆಗೆ ಓಡಬೇಕಿಲ್ಲ. ಆದರೆ ಅಪರೂಪಕ್ಕೆ ಅನ್ನನಾಳದಲ್ಲಿ ಸಿಕ್ಕಿಕೊಂಡ, ಇನ್ನೂ ಅಪರೂಪಕ್ಕೆ ಕರುಳನ್ನೇ ಚುಚ್ಚಿ ತೂತು ಮಾಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅನ್ನನಾಳ ಮೊದಲೇ ಕಿರಿದಾಗಿರುವವರು ಇನ್ನೂ ಎಚ್ಚರದಿಂದಿರಬೇಕು. ನುಂಗಿದ ಮೇಲಿನ ದಿನಗಳಲ್ಲಿ ಹೊಟ್ಟೆನೋವು, ಜ್ವರ, ವಾಂತಿ, ಮಲದಲ್ಲಿ ರಕ್ತ, ಎದೆನೋವು ಇವುಗಳಲ್ಲಿ ಯಾವುದು ಕಂಡರೂ ಎಲೆ ನುಂಗಿದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ನಾವು ಹೇಳದೆ ಅವರಿಗೆ ಹೊಳೆಯುವ ವಿಷಯವಲ್ಲ ಅದು. ಎಂಜಲೂ ನುಂಗಲಾಗದೆ ಬಾಯಿಂದ ಸುರಿಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಬೆಳಗಿನವರೆಗೆ ಕಾಯುವಂತಿಲ್ಲ. ನಾನು ಕಾದದ್ದಕ್ಕೂ ಅವರು ಮೆಚ್ಚುಗೆ ಸೂಚಿಸಲಿಲ್ಲ.

ಇನ್ನೊಂದು ಮಾತನ್ನು ಹೊರಡುವಾಗ ಹೇಳಿದರು, ಅದು ನನ್ನನ್ನು ಮತ್ತೊಂದು ಗಾಬರಿಯಿಂದ ಉಳಿಸಿತು. ಎಲೆ ಹೋದ ಮೇಲೂ ಒಂದೆರಡು ದಿನ ಅಲ್ಲೇ ಏನೋ ಇದೆ ಎಂದು ಅನಿಸುತ್ತದೆ. ಅದು ಗೀರಿನ ನೋವು. ದಿನದಿನಕ್ಕೆ ಕಡಿಮೆಯಾದರೆ ಗೀರು, ಹಾಗೇ ಉಳಿದರೆ ಅಥವಾ ಹೆಚ್ಚಾದರೆ ಮತ್ತೆ ಬರಬೇಕು. ನನ್ನದು ಮೂರನೆಯ ದಿನ ಹೋಯಿತು.

ಅಡುಗೆಮನೆಯಲ್ಲಿ ಬದಲಾದದ್ದು ಸ್ವಲ್ಪವೇ. ಬಿರುಕು ಬಿಟ್ಟ ಎಲೆಯನ್ನು ಈಗ ಪಾತ್ರೆಗೆ ಹಾಕುವುದಿಲ್ಲ, ಇಡಿಯಾಗಿರುವುದನ್ನೇ ಹಾಕುತ್ತೇನೆ. ಸೌಟು ಆಡಿಸಿದಾಗ ಒಡೆಯುವುದು ಬಿರುಕಿನ ಎಲೆಯೇ. ಬಡಿಸುವ ಮೊದಲು ಎಣಿಸಿ ತೆಗೆಯುತ್ತೇನೆ. ಕಳೆದ ವಾರ ಮೂರು ಹಾಕಿದ್ದೆ, ನಾಲ್ಕು ತುಂಡು ಸಿಕ್ಕಿದವು. ಮಗಳು ಹಸಿದು ಕೂತಿದ್ದಳು, ಆದರೂ ತುಂಡುಗಳನ್ನು ತಟ್ಟೆಯಲ್ಲಿ ಜೋಡಿಸಿ ನೋಡಿದೆ. ಸರಿಯಾಗಿ ಮೂರಾಯಿತು. ಆಮೇಲೆ ಬಡಿಸಿದೆ.