ಗೌಡ್ರಿಗೆ ಕಳ್ಸಿದ ಮೆಸೇಜು

ಮಾರ್ಚ್ 11, 2025, ಮಂಗಳವಾರ

ಇವತ್ತು ಬೆಳಿಗ್ಗೆ ಆಫೀಸಿಗೆ ಹೋಗಿ ಕೂತ್ಕೊಂಡು ಮೊದಲು ನೋಡಿದ್ದೇ ನಾವು ಕೆಲಸಗಳ ಲೆಕ್ಕ ಇಡೋ ಜಿರಾದಲ್ಲಿ PAY-412 ಅನ್ನೋ ಟಿಕೆಟ್ಟು. ಅದು ನಂದಲ್ಲ, ನಮ್ಮ ಟೀಮಿನ ಬ್ಯಾಕೆಂಡ್ ನೋಡ್ಕೊಳ್ಳೋ ಒಬ್ರದ್ದು, ನಾವೆಲ್ಲಾ ಅವರನ್ನ ಗೌಡ್ರೇ ಅಂತಲೇ ಕರಿಯೋದು. ಯುಪಿಐ ಪೇಮೆಂಟ್ ಪೆಂಡಿಂಗ್ ಅಂತ ನಿಂತ್ಬಿಟ್ರೆ ನಮ್ಮ ಸಿಸ್ಟಮ್ ತಾನೇ ಪೇಮೆಂಟ್ ಗೇಟ್‌ವೇನ ಮತ್ತೆ ಕೇಳಿ, ದುಡ್ಡು ಹೋಯ್ತಾ ಇಲ್ವಾ ಅಂತ ತಿಳ್ಕೋಬೇಕು, ಆ ಕೆಲಸ ಅದು. ಡ್ಯೂ ಡೇಟ್ ಕಳೆದ ಗುರುವಾರ, 6ನೇ ತಾರೀಕು. ಇವತ್ತಿಗೂ In Progress. ನನ್ನ ಟೆಸ್ಟಿಂಗ್ ಟಿಕೆಟ್ PAY-418 ಅದಕ್ಕೇ ಲಿಂಕ್ ಆಗಿ blocked by ಅಂತ ಕೂತಿದೆ. ಕೋಡ್ ಫ್ರೀಜ್ ಗುರುವಾರ ಸಂಜೆ, ಅದಾದ್ಮೇಲೆ ಕೋಡ್ ಮುಟ್ಟೋ ಹಾಗಿಲ್ಲ, ಇದನ್ನ ಪೂರ್ತಿ ಟೆಸ್ಟ್ ಮಾಡೋಕೆ ನಂಗೆ ಒಂದು ದಿನ ಬೇಕೇ ಬೇಕು.

ಸೀದಾ ಮೆಸೇಜ್ ಬಾಕ್ಸ್ ತೆಗ್ದು ಟೈಪ್ ಮಾಡ್ದೆ: "ಗೌಡ್ರೇ PAY-412 ಇನ್ನೂ ಆಗಿಲ್ವಾ?" ಕಳ್ಸೋಕೆ ಮುಂಚೆ ಒಂದ್ಸಲ ಓದ್ಕೊಂಡೆ, ಮನಸ್ಸಿಗೆ ಬರ್ಲಿಲ್ಲ. ಆ "ಇನ್ನೂ" ಇದ್ಯಲ್ಲ, ಅದೊಂದು ಪದದಲ್ಲೇ ಪೂರ್ತಿ ಬೈಗುಳ ಇದೆ. ಮನೇಲಿ ಅಮ್ಮ "ಇನ್ನೂ ಎದ್ದಿಲ್ವಾ" ಅಂದ್ರೆ ಟೈಮ್ ಕೇಳ್ತಿದಾರೆ ಅಂತ ಯಾರಾದ್ರೂ ಅನ್ಕೋತಾರಾ? ಅದೂ ಅಲ್ದೆ "ಆಗಿಲ್ವಾ" ಅಂತ ಕೇಳಿದ್ರೆ ಬರೋ ಉತ್ರ "ಆಗ್ತಿದೆ" ಅಷ್ಟೇ, ಅದನ್ನ ಇಟ್ಕೊಂಡು ನಾನೇನು ಪ್ಲಾನ್ ಮಾಡ್ಲಿ.

ಅಳಿಸಿ "ಜೆಂಟಲ್ ರಿಮೈಂಡರ್" ಅಂತ ಶುರು ಮಾಡ್ದೆ, ಅದನ್ನೂ ಅಳಿಸ್ದೆ. ನಂಗೇ ಯಾರಾದ್ರೂ ಆ ಎರಡು ಪದ ಕಳ್ಸಿದ್ರೆ ಮುಂದಿನ ಮೇಲ್‌ಗೆ ಮ್ಯಾನೇಜರ್‌ನ ಸೇರಿಸ್ತಾರೆ ಅಂತಲೇ ಅನ್ಸುತ್ತೆ. "ಸಾರಿ, ಡಿಸ್ಟರ್ಬ್ ಮಾಡ್ತಿದೀನಿ, ಬಿಜಿ ಇದ್ರೆ ಪರ್ವಾಗಿಲ್ಲ" ಅಂತ ಬರೆಯೋದೂ ಸರಿ ಹೋಗಲ್ಲ. ಪರ್ವಾಗಿಲ್ಲ ಅಂತ ನಾನೇ ಹೇಳಿದ್ಮೇಲೆ ಅವ್ರು ಯಾಕೆ ಇವತ್ತೇ ಉತ್ರ ಕೊಡ್ಬೇಕು? ನಿಜವಾಗ್ಲೂ ನಂಗೆ ಪರ್ವಾಗಿದೆ, ಗುರುವಾರ ಫ್ರೀಜ್ ಇದೆ.

ಆಮೇಲೆ ಬಾಕ್ಸ್ ಬಿಟ್ಟು ಟಿಕೆಟ್ಟೇ ಪೂರ್ತಿ ಓದೋಣ ಅಂತ ಕೂತೆ, ಇದನ್ನ ಮೊದಲೇ ಮಾಡ್ಬೇಕಿತ್ತು. ಮೇಲಿನ ಸ್ಟೇಟಸ್ ಅಲ್ಲ, ಕೆಳಗೆ ಕಾಮೆಂಟ್ಸ್ ತನಕ. 5ನೇ ತಾರೀಕು, ಅಂದ್ರೆ ಡ್ಯೂ ಡೇಟಿಗೆ ಒಂದು ದಿನ ಮುಂಚೆ, ಗೌಡ್ರು ಒಂದು ಪ್ರಶ್ನೆ ಹಾಕಿದಾರೆ: ಪೆಂಡಿಂಗ್ ಬಂದ್ರೆ ಎಷ್ಟು ಸಲ ರೀಟ್ರೈ ಮಾಡ್ಬೇಕು, ಮೂರಾ ಐದಾ? ಯಾರ ಹೆಸರನ್ನೂ ಟ್ಯಾಗ್ ಮಾಡಿಲ್ಲ. ನಮ್ಮ ಜಿರಾ ಸೆಟ್ಟಿಂಗಲ್ಲಿ ಟ್ಯಾಗ್ ಇಲ್ದಿರೋ ಕಾಮೆಂಟಿನ ಮೇಲ್ ಟಿಕೆಟ್ ತೆಗ್ದೋರಿಗೆ, ಕೆಲಸ ಇರೋರಿಗೆ, ಮತ್ತೆ ಅದನ್ನ ವಾಚ್ ಮಾಡ್ತಿರೋರಿಗೆ ಮಾತ್ರ ಹೋಗುತ್ತೆ. ಟಿಕೆಟ್ ತೆಗ್ದೋರು ಪ್ರಾಡಕ್ಟ್ ಮೇಡಮ್, ಅವ್ರು ಹೋದ ವಾರದಿಂದ ರಜೆ. ನಾನು ವಾಚರ್ ಅಲ್ಲ. ಹಾಗಾಗಿ ಆ ಪ್ರಶ್ನೆ ಆರು ದಿನದಿಂದ ಅಲ್ಲೇ ಬಿದ್ದಿದೆ, ಯಾರೂ ನೋಡಿಲ್ಲ. ಹತ್ತು ನಿಮಿಷದ ಹಿಂದೆ "ಇನ್ನೂ ಆಗಿಲ್ವಾ" ಅಂತ ಕಳ್ಸಿಬಿಟ್ಟಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡು ಕಸಿವಿಸಿ ಆಯ್ತು.

ನನ್ನ ಟೆಸ್ಟ್ ಕೇಸಲ್ಲಿ 3 ಸಲ ಅಂತಿತ್ತು. ರಜೆ ಇರೋ ಮೇಡಮ್ ಬದಲಿಗೆ ನೋಡ್ಕೋತಿರೋರ ಹತ್ರ ಹೋಗಿ ಕೇಳ್ದೆ, ಅವ್ರೂ 3 ಅಂದ್ರು. ಆಮೇಲೆ ಬರೆದ ಮೆಸೇಜು ಇದು, ಇದ್ದ ಹಾಗೇ ಹಾಕ್ತಿದೀನಿ:

"ಗೌಡ್ರೇ, PAY-412 ಯುಪಿಐ ರೀಟ್ರೈ ಬಗ್ಗೆ. ಡ್ಯೂ ಡೇಟ್ 6ಕ್ಕಿತ್ತು, ಟಿಕೆಟ್ ಈಗ In Progress ತೋರಿಸ್ತಿದೆ. 5ನೇ ತಾರೀಕು ಎಷ್ಟು ಸಲ ರೀಟ್ರೈ ಅಂತ ನೀವು ಹಾಕಿದ್ದ ಕಾಮೆಂಟಿಗೆ ಯಾರೂ ಉತ್ರ ಕೊಟ್ಟಿಲ್ಲ, ನಾನೂ ಈಗಷ್ಟೇ ನೋಡಿದ್ದು. ವಿಚಾರಿಸ್ದೆ, 3 ಸಲ ಅಂತೆ, ಟಿಕೆಟ್ಟಲ್ಲೂ ಹಾಕಿದೀನಿ. ಕೆಲಸ ಅದಕ್ಕೇ ನಿಂತಿತ್ತಾ, ಇಲ್ಲಾ ಬೇರೆ ಏನಾದ್ರೂ ತೊಡಕು ಇದ್ಯಾ? ನನ್ನ PAY-418 ಇದ್ರ ಮೇಲೆ ನಿಂತಿದೆ, ಗುರುವಾರ ಸಂಜೆ ಫ್ರೀಜ್, ಟೆಸ್ಟಿಂಗಿಗೆ ಒಂದು ದಿನ ಬೇಕು. ಎಲ್ಲಿಗೆ ಬಂದಿದೆ, ನನ್ನ ಕೈಗೆ ಯಾವಾಗ ಸಿಗಬಹುದು ಅಂತ ಇವತ್ತು 4 ಗಂಟೆ ಒಳಗೆ ಒಂದು ಸಾಲು ಹಾಕ್ತೀರಾ? ಅರ್ಧ ಆಗಿದ್ರೂ ಕೊಡಿ, ಅಷ್ಟರಿಂದಲೇ ಶುರು ಮಾಡ್ತೀನಿ."

ಇದ್ರಲ್ಲಿ "ನೀವು ಮಾಡಿಲ್ಲ" ಅನ್ನೋ ಮಾತು ಎಲ್ಲೂ ಬರದ ಹಾಗೆ ನೋಡ್ಕೊಂಡೆ. ತಾರೀಕು ದಾಟಿದ್ದನ್ನ ಮುಚ್ಚಿಡೋಕೂ ಹೋಗಿಲ್ಲ, ಆದ್ರೆ ಅದು ಟಿಕೆಟ್ಟಲ್ಲಿ ಕಾಣೋ ವಿಷಯ, ಅವರ ಮೇಲಿನ ದೂರಲ್ಲ. "ಯಾಕೆ ಲೇಟು" ಅಂತ ಕೇಳಿದ್ರೆ ಮನುಷ್ಯ ಕಾರಣ ಹುಡುಕ್ತಾ ಕೂರ್ತಾನೆ, "ಎಲ್ಲಿಗೆ ಬಂತು" ಅಂದ್ರೆ ಇರೋದನ್ನ ಹೇಳಿಬಿಡ್ತಾನೆ. ನಂಬರ್ ಹಾಕಿದ್ದೂ ಸುಮ್ನೆ ಅಲ್ಲ, ಗೌಡ್ರ ಹೆಸ್ರಲ್ಲಿ ಪೇಮೆಂಟಿಂದೇ ಮೂರು ಟಿಕೆಟ್ ಇವೆ, "ಆ ರೀಟ್ರೈ ಕೆಲಸ" ಅಂದಿದ್ರೆ ಯಾವುದು ಅಂತ ಇನ್ನೊಂದು ಸುತ್ತು ಮಾತಾಗೋದು. ಬರೀ "ಹಾಯ್" ಅಂತ ಕಳ್ಸಿ ಅವ್ರು ಹಾಯ್ ಅನ್ನೋ ತನಕ ಕಾಯೋದು ನಂಗೆ ಮೊದಲಿಂದಲೂ ಆಗಲ್ಲ, ಅದಕ್ಕೇ ಎಲ್ಲಾ ಒಂದೇ ಮೆಸೇಜಲ್ಲಿ.

ಗ್ರೂಪಿಗೆ ಹಾಕ್ಲಿಲ್ಲ, ಅವರಿಗೊಬ್ರಿಗೇ ಕಳ್ಸಿದೆ. ಗ್ರೂಪಲ್ಲಿ ಮ್ಯಾನೇಜರೂ ಇದಾರೆ, ಅಲ್ಲಿ ಎಷ್ಟೇ ಮೆತ್ತಗೆ ಬರೆದ್ರೂ ಹತ್ತು ಜನರ ಮುಂದೆ ನಿಲ್ಲಿಸಿ ಕೇಳ್ದಂಗೆ. ಟಿಕೆಟ್ ಕಾಮೆಂಟಲ್ಲಿ ಮಾತ್ರ 3 ಸಲ ಅನ್ನೋ ಉತ್ರ ಇಂಗ್ಲಿಷಲ್ಲಿ ಹಾಕಿ ಅವರನ್ನ ಟ್ಯಾಗ್ ಮಾಡ್ದೆ, ಕನ್ನಡ ಬರದೇ ಇರೋರೂ ಟೀಮಲ್ಲಿ ಇದಾರಲ್ಲ.

ಮಧ್ಯಾಹ್ನ 2:20ಕ್ಕೆ ಉತ್ರ ಬಂತು. ರೀಟ್ರೈ ಪ್ರಶ್ನೆಗೆ ಎರಡು ದಿನ ನಿಂತಿದ್ದು ನಿಜ, ಕೊನೆಗೆ ಅವರೇ 3 ಅಂತ ಇಟ್ಕೊಂಡು ಮುಂದೆ ಹೋದ್ರಂತೆ. ನಿಜವಾದ ತೊಡಕು ಬೇರೆ, ಗೇಟ್‌ವೇಯ ಟೆಸ್ಟ್ ಅಕೌಂಟಿನ ಕೀ ಎಕ್ಸ್‌ಪೈರ್ ಆಗಿ ಶುಕ್ರವಾರದಿಂದ ಅವರಿಗೆ ಏನೂ ಓಡಿಸಿ ನೋಡೋಕೆ ಆಗಿಲ್ಲ. ಹೊಸ ಕೀ ಕೇಳಿದಾರೆ, ದಿನಾ ನಾಳೆ ಬರುತ್ತೆ ನಾಳೆ ಬರುತ್ತೆ ಅನ್ಕೊಂಡು ಯಾರಿಗೂ ಹೇಳಿಲ್ಲ. "ಕೇಳಿದ್ದು ಒಳ್ಳೇದಾಯ್ತು ಮೇಡಮ್, ನಾನೇ ಹೇಳ್ಬೇಕಿತ್ತು" ಅಂದ್ರು. ನಾನು ಎದ್ದು ಅವರ ಸೀಟಿನ ಹತ್ರ ಹೋದೆ, ಟೆಸ್ಟಿಂಗಿನವ್ರ ಹತ್ರ ಬೇರೆ ಕೀ ಇತ್ತು, ಮ್ಯಾನೇಜರ್‌ನ ಒಂದು ಮಾತು ಕೇಳಿ ಅದನ್ನೇ ಅವರ ಟೆಸ್ಟ್ ಎನ್ವಿರಾನ್ಮೆಂಟಿಗೆ ಹಾಕಿಸಿದ್ವಿ. ಅರ್ಧ ಗಂಟೆ ಕೆಲಸ ಅಷ್ಟೇ. ಐದು ದಿನದಿಂದ ಆ ಕೀ ನಾಲ್ಕು ಟೇಬಲ್ ಆಚೆ ಇತ್ತು ಅನ್ನೋದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಡ್ಯೂ ಡೇಟ್‌ನ ಅವರೇ 12ಕ್ಕೆ ಬದಲಾಯಿಸಿ, ಕೀ ವಿಷಯ ಒಂದು ಸಾಲು ಕಾಮೆಂಟಲ್ಲಿ ಬರೆದ್ರು. ಪೇಮೆಂಟ್ ಸಕ್ಸೆಸ್ ಆಗಿ ಬರೋ ಭಾಗ ಸಂಜೆ 5ಕ್ಕೇ ಕೊಟ್ರು, ಅದರ ಏಳು ಕೇಸ್ ಇವತ್ತೇ ಮುಗಿಸ್ದೆ, ಒಂದು ಫೇಲ್. ಎರಡನೇ ರೀಟ್ರೈಗೆ ಸಕ್ಸೆಸ್ ಬಂದ್ರೂ ಮೂರನೇದು ಹೋಗ್ತಿದೆ. ಅದನ್ನ PAY-412ರಲ್ಲೇ ಗೌಡ್ರನ್ನ ಟ್ಯಾಗ್ ಮಾಡಿ ಹಾಕಿದೀನಿ. ಈ ಸಲ ವಾಚರ್ ಲಿಸ್ಟಿಗೆ ನನ್ನ ಹೆಸರೂ ಸೇರಿಸ್ಕೊಂಡು ಮನೆಗೆ ಹೊರಟೆ.